ಪುಸ್ತಕ ಬಂದಿದೆ ಎಂದು ಊರಿಗೆ ಹೇಳುವುದು

ಗೆಳೆಯನೊಬ್ಬನ ಮೊದಲ ಕಥಾಸಂಕಲನ ಅಚ್ಚಿನಮನೆಯಿಂದ ಹೊರಬರುವ ಹದಿನೈದು ದಿನ ಮುಂಚೆ ಅದಕ್ಕೊಂದು ಜಾಲತಾಣ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವನು ಸೊರಬ ತಾಲ್ಲೂಕಿನವನು, ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ನಾನು ಪಿಎಚ್.ಡಿ.ಗಾಗಿ ಹಳೆಯ ಹಸ್ತಪ್ರತಿಗಳ ಪಾಠಾಂತರ ನೋಡುವವನು. ಕಂಪ್ಯೂಟರಿನ ಮುಂದೆ ಹೆಚ್ಚು ಹೊತ್ತು ಕೂರುತ್ತೇನೆ ಎಂಬುದಷ್ಟೇ ಈ ಕೆಲಸಕ್ಕೆ ನನಗಿದ್ದ ಅರ್ಹತೆ. "ಏನೂ ಜಾಸ್ತಿ ಬೇಡ ಮಾರಾಯ, ಮುಖಪುಟ ಹಾಕು, ಒಂದು ಕಥೆ ಹಾಕು, ಎಲ್ಲಿ ಸಿಗ್ತದೆ ಅಂತ ಹಾಕು, ಬಿಡುಗಡೆ ಯಾವತ್ತು ಅಂತ ಹಾಕು" ಎಂದ. ನಾಲ್ಕೇ ಸಂಗತಿ. ಆದರೆ ಒಂದೊಂದನ್ನೂ ಹಾಕಲು ಹೋದಾಗ, ಈ ಪುಸ್ತಕ ಯಾರಿಗಾಗಿ ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡಬೇಕಾಯಿತು.

ಪುಸ್ತಕವನ್ನು ಅವನು ತನ್ನ ಖರ್ಚಿನಲ್ಲೇ ತಂದಿದ್ದ. 160 ಪುಟ, ಡೆಮ್ಮಿ ಅಷ್ಟದಳ, 500 ಪ್ರತಿ. ಅಕ್ಷರ ಜೋಡಣೆ, ಮುಖಪುಟ, ಮುದ್ರಣ ಎಲ್ಲ ಸೇರಿ ಪ್ರತಿಗೆ 75 ರೂಪಾಯಿ ಬಿದ್ದಿತ್ತು, ಅಂದರೆ ಒಟ್ಟು 37,500. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕನ ಮನೆಯಿಂದ ತಂದ ಸಾಲ. ಮುಖಬೆಲೆ 200 ರೂಪಾಯಿ. ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಹಣ ಕೊಡಬೇಕಿಲ್ಲ. ರಾಜಾ ರಾಮಮೋಹನ ರಾಯ್ ಅವರ ಹೆಸರಿನ ರಾಷ್ಟ್ರೀಯ ಸಂಸ್ಥೆಗೆ ಲೇಖಕರೇ ಅರ್ಜಿ ಹಾಕಿ ಪಡೆಯಬಹುದು. ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ತೊಡಕು ಶುರುವಾದದ್ದು ಮಾದರಿ ಕಥೆಯಿಂದ.

ಜಾಲತಾಣದಲ್ಲಿ ಹಾಕಲು ಕಥೆಯ ಪಠ್ಯ ಬೇಕೆಂದು ಕೇಳಿದಾಗ ಅಚ್ಚಿನಮನೆಯವರು ಕಳಿಸಿದ ಕಡತವನ್ನು ತೆರೆದು ಒಂದು ವಾಕ್ಯವನ್ನು ನಕಲು ಮಾಡಿ ಅಂಟಿಸಿದರೆ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಸಂತೆ ಕಂಡಿತು. ಕನ್ನಡದಲ್ಲಿ ಡಿಟಿಪಿ ಮಾಡಿಸಿದ ಎಲ್ಲರಿಗೂ ಈ ಸಂತೆಯ ಪರಿಚಯವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಯುನಿಕೋಡ್ ಬಳಕೆಗೆ ಬರುವ ಮೊದಲಿನ ಏರ್ಪಾಡು. ಅವುಗಳಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದು ಲ್ಯಾಟಿನ್ ಸಂಕೇತಗಳನ್ನು. ಆ ಸಂಕೇತಗಳ ಮೇಲೆ ಕನ್ನಡದ ತುಂಡು ಆಕಾರಗಳನ್ನು ಬರೆದು ತೋರಿಸುವುದಷ್ಟೇ ಫಾಂಟಿನ ಕೆಲಸ. ಫಾಂಟು ಕಳಚಿದರೆ ಒಳಗಿನದು ಹೊರಗೆ ಬರುತ್ತದೆ:

```
PÀ£ÀßqÀ     ಕನ್ನಡ
PÀ£ÁðlPÀ    ಕರ್ನಾಟಕ
```

ಎರಡನೆಯ ಸಾಲನ್ನು ಗಮನಿಸಿ. `ð` ಎಂಬುದು ಅರ್ಕಾವತ್ತು. ಕಾಗದದ ಮೇಲೆ ನಾವು ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತೇವೆ, ನುಡಿಯೂ ಅದನ್ನು ನಂತರವೇ ಇಡುತ್ತದೆ. ಯುನಿಕೋಡ್ ಮಾತ್ರ ಉಚ್ಚಾರದ ಕ್ರಮ ಹಿಡಿಯುತ್ತದೆ: ಮೊದಲು ರ್, ಆಮೇಲೆ ನಾ. ಹಾಗಾಗಿ ಪರಿವರ್ತಕ ತಂತ್ರಾಂಶ ಪಠ್ಯವನ್ನು ಬದಲಿಸುವಾಗ ಪ್ರತಿ ಅರ್ಕಾವತ್ತನ್ನೂ ಹಿಡಿದು ಒಂದು ಅಕ್ಷರ ಹಿಂದಕ್ಕೆ ಜರುಗಿಸಬೇಕು. ಒಳ್ಳೆಯ ಪರಿವರ್ತಕಗಳು ಇದನ್ನು ಬಹುಮಟ್ಟಿಗೆ ಸರಿಯಾಗಿ ಮಾಡುತ್ತವೆ. ಅವು ಸೋಲುವುದು ನಡುನಡುವೆ ಇಂಗ್ಲಿಷ್ ಪದ ಬಂದಾಗ. ಪರಿವರ್ತಕಕ್ಕೆ ಫಾಂಟಿನ ಅರಿವಿರುವುದಿಲ್ಲ, ಎಲ್ಲ ಲ್ಯಾಟಿನ್ ಅಕ್ಷರವೂ ಅದಕ್ಕೆ ಕನ್ನಡವೇ. ಗೆಳೆಯನ ಮಿಂಚಂಚೆ ವಿಳಾಸ ಒತ್ತಕ್ಷರಗಳ ಗುಡ್ಡೆಯಾಗಿ ಬಂದಿತ್ತು. ಇಂಥದ್ದು ಕಣ್ಣಿಗೆ ರಾಚುವುದರಿಂದ ತಿದ್ದುವುದು ಸುಲಭ.

ಕಣ್ಣಿಗೆ ರಾಚದ ತಪ್ಪು ಬೇರೆ ಇತ್ತು. ಅದನ್ನು ಹಿಡಿದವಳು ಆರನೇ ಕ್ಲಾಸಿನ ಒಬ್ಬ ಹುಡುಗಿ.

ಯಾವ ಕಥೆಯನ್ನು ಮಾದರಿಯಾಗಿ ಹಾಕಬೇಕು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಎರಡು ದಿನ ವಾದ ನಡೆದಿತ್ತು. ಸಂಕಲನದ ಮೊದಲ ಕಥೆ ಶಿಷ್ಟ ಕನ್ನಡದಲ್ಲಿದೆ, ಬೆಂಗಳೂರಿನವರೂ ಮಂಗಳೂರಿನವರೂ ತಡವರಿಸದೆ ಓದುತ್ತಾರೆ, ಅದನ್ನೇ ಹಾಕೋಣ ಎಂಬುದು ಅವನ ವಾದ. ನನ್ನ ಲೆಕ್ಕ ಬೇರೆ. ಒಂಬತ್ತು ಕಥೆಗಳಲ್ಲಿ ಏಳು ಅವನ ಅವ್ವ, ಸೋದರತ್ತೆಯರ ಮಾತಿನಲ್ಲೇ ಸಾಗುತ್ತವೆ. ಅಂಗಡಿಯಲ್ಲಿ ಅಕ್ಕಿಯ ಮಾದರಿ ತೋರಿಸುವವರು ಮೂಟೆಯೊಳಗಿನ ಅಕ್ಕಿಯನ್ನೇ ತೋರಿಸಬೇಕು. ಶಿಷ್ಟ ಕನ್ನಡದ ಕಥೆ ಓದಿ ಪುಸ್ತಕ ಕೊಂಡವನಿಗೆ ಎರಡನೆಯ ಕಥೆಯಲ್ಲೇ ಮೋಸ ಹೋದ ಭಾವ ಬರುತ್ತದೆ. ಮಾತಿನ ಕಥೆ ಓದಿ ಇದು ನನಗೆ ಬೇಡ ಅಂದುಕೊಂಡವನು ಕೊಳ್ಳದೆ ಹೋಗುತ್ತಾನೆ, ಅದರಿಂದ ಯಾರಿಗೂ ನಷ್ಟವಿಲ್ಲ. ಕೊನೆಗೆ ಸುಮಾರು 1,600 ಪದಗಳ, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಒಂದು ಆಡುಮಾತಿನ ಕಥೆ ಗೊತ್ತಾಯಿತು. ಪಿಡಿಎಫ್ ಹಾಕುವುದು ಬೇಡ ಎಂದೂ ಆಯಿತು. ಪುಸ್ತಕದ ಪುಟವನ್ನು ಅದರ ಅಳತೆಯಲ್ಲೇ ಮೊಬೈಲಿಗೆ ಹಾಕಿದರೆ ಪ್ರತಿ ಸಾಲಿಗೂ ಬೆರಳಿನಿಂದ ಹಿಗ್ಗಿಸಿ ಎಡಕ್ಕೂ ಬಲಕ್ಕೂ ಎಳೆದಾಡಬೇಕು. ಯುನಿಕೋಡ್ ಪಠ್ಯವಾದರೆ ತೆರೆಯ ಅಗಲಕ್ಕೆ ಸಾಲುಗಳು ತಾವೇ ಮುರಿದುಕೊಳ್ಳುತ್ತವೆ, ಅಕ್ಷರ ದೊಡ್ಡದು ಮಾಡಿಕೊಂಡರೂ ಓದಬಹುದು.

ಪರಿವರ್ತಿಸಿದ ಕಥೆಯನ್ನು ನಾನು ಎರಡು ಸಲ ಓದಿ ನೋಡಿದ್ದೆ. ಗೆಳೆಯನೂ ಓದಿದ್ದ. ಆಮೇಲೆ ಒಂದು ಭಾನುವಾರ ಅವನ ಊರಿಗೆ ಹೋದಾಗ, ಅಕ್ಕನ ಮಗಳ ಕೈಗೆ ಮೊಬೈಲು ಕೊಟ್ಟು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು ಅಂದೆವು. ಅವನ ಅವ್ವ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದರು. ಹುಡುಗಿ ನಿರರ್ಗಳವಾಗಿ ಓದುವವಳು, ಆದರೆ ಮಾತುಕತೆಯ ಸಾಲುಗಳು ಬಂದಾಗಲೆಲ್ಲ ಮುಗ್ಗರಿಸುತ್ತಿದ್ದಳು. ಅವ್ವ ಮೆಟ್ಟುಗತ್ತಿಯಿಂದ ತಲೆಯೆತ್ತಿ, "ಏನ್ ತಮ್ಮಾ, ಕಥಿ ಒಳಗೆ ಕಲ್ಲು ಸಿಗ್ತಾವಲ್ಲ?" ಅಂದರು.

ಕಲ್ಲು ಎಲ್ಲಿತ್ತೆಂದರೆ, ಪುಸ್ತಕದಲ್ಲಿ ಗೆಳೆಯ ಬೇಕೆಂದೇ 'ಇರ್‌ತೀನಿ', 'ಹೋಗ್‌ಬ್ಯಾಡ' ಎಂದು ಬಿಡಿಸಿ ಬರೆದಿದ್ದ. ಆಡುಮಾತಿನಲ್ಲಿ ಆ ಜಾಗದಲ್ಲಿ ಸಣ್ಣದೊಂದು ತಡೆಯಿದೆ, ಓದುವವರ ನಾಲಗೆಗೂ ಅದು ಸಿಗಲಿ ಎಂಬುದು ಅವನ ಉದ್ದೇಶ. ನುಡಿಯ ಫಾಂಟಿನಲ್ಲಿ ಅರ್ಧಾಕ್ಷರ ಒಂದು ಸ್ವತಂತ್ರ ಆಕಾರ, ಅದರ ಪಕ್ಕ ಏನು ಬಂದರೂ ಅದು ಹಾಗೇ ನಿಲ್ಲುತ್ತದೆ. ಯುನಿಕೋಡಿನಲ್ಲಿ ಅರ್ಧಾಕ್ಷರದ ಪಕ್ಕ ವ್ಯಂಜನ ಬಂದರೆ ಅವೆರಡೂ ಸೇರಿ ಒತ್ತಕ್ಷರವಾಗುವುದೇ ನಿಯಮ. ಸೇರಬಾರದು ಎಂದಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಪರಿವರ್ತಕ ಅದನ್ನು ಇಟ್ಟಿರಲಿಲ್ಲ:

```
ಇರ್ತೀನಿ     ರ + ್ + ತ
ಇರ್‌ತೀನಿ    ರ + ್ + U+200C + ತ
```

ಮೊದಲನೆಯದೂ ತಪ್ಪು ಕನ್ನಡವಲ್ಲ. ಅದಕ್ಕೇ ದೊಡ್ಡವರಾದ ನಮ್ಮ ಕಣ್ಣು ಅದರ ಮೇಲೆ ಜಾರಿಕೊಂಡು ಹೋಗಿತ್ತು. 'ಹೋಗ್ಬ್ಯಾಡ' ಎಂಬಲ್ಲಿ ಮೂರು ವ್ಯಂಜನ ಒಂದರಡಿ ಒಂದು ಜೋತುಬಿದ್ದು ಹುಡುಗಿಗೆ ಅದು ಯಾವ ಪದವೆಂದೇ ತಿಳಿದಿರಲಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪದ ಅದು. ಹುಡುಕಿದಾಗ ಅದೊಂದೇ ಕಥೆಯಲ್ಲಿ ಇಂಥ 64 ಜಾಗ ಸಿಕ್ಕವು. ಒಂದೇ ಆಜ್ಞೆಯಿಂದ ಎಲ್ಲವನ್ನೂ ಬದಲಿಸುವಂತಿರಲಿಲ್ಲ, ಏಕೆಂದರೆ 'ಸೂರ್ಯ', 'ಅರ್ಧ'ಗಳಂಥ ಸಹಜ ಒತ್ತಕ್ಷರಗಳೂ ಬಿಡಿಸಿಕೊಳ್ಳುತ್ತಿದ್ದವು. ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಕೂಡಿಸಿದೆವು. ಎರಡನೆಯ ಸಲ ಹುಡುಗಿ ಓದಿದಾಗ ಅವ್ವ ಕತ್ತಿ ನಿಲ್ಲಿಸಲೇ ಇಲ್ಲ. ಕಥೆ ಮುಗಿದ ಮೇಲೆ "ಇದು ನಾನ್ ಹೇಳಿದ್ದು" ಎಂದಷ್ಟೇ ಅಂದರು.

ಹಸ್ತಪ್ರತಿಗಳಲ್ಲಿ ನಾನು ನೋಡುವುದೂ ಇದನ್ನೇ. ಕವಿ ಬರೆದದ್ದು ಒಂದು, ಪ್ರತಿಕಾರನ ಕೈಯಲ್ಲಿ ಬಂದದ್ದು ಇನ್ನೊಂದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ಕದಂಬರ ಕಾಲದ ಕಲ್ಲಿನ ಕಂಬವೊಂದು ನಿಂತಿದೆ. ಅದರ ಮೇಲಿನ 5ನೇ ಶತಮಾನದ ಸಂಸ್ಕೃತ ಕಾವ್ಯದ ಕೊನೆಯಲ್ಲಿ ಕುಬ್ಜನೆಂಬ ಕವಿ ತನ್ನ ಈ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಆ ಸಾಲನ್ನು ಮೊದಲು ಓದಿದಾಗ ಅದು ಕವಿಯ ಹೆಮ್ಮೆಯ ಮಾತಾಗಿ ಕೇಳಿಸಿತ್ತು. 64 ಜಾಗ ತಿದ್ದಿ ಮುಗಿಸಿದ ರಾತ್ರಿ ಅದು ಓದುಗನಿಗೆ ಕೊಟ್ಟ ಭರವಸೆಯಾಗಿಯೂ ಕೇಳಿಸಿತು: ನಡುವೆ ಬೇರೆ ಕೈ ಬಂದಿಲ್ಲ, ಅಕ್ಷರ ನನ್ನದೇ. ನಮ್ಮ ಕಾಲದ ಪುಸ್ತಕಕ್ಕೆ ಡಿಟಿಪಿಯವರು, ಪರಿವರ್ತಕ, ಮೊಬೈಲಿನ ಫಾಂಟು ಎಂದು ಹಲವು ಕೈಗಳು. ಅವೆಲ್ಲ ದಾಟಿದ ಮೇಲೆ ಒಬ್ಬರಾದರೂ ಗಟ್ಟಿಯಾಗಿ ಓದಿ ನೋಡಬೇಕು.

ಇನ್ನು ಕೊಳ್ಳುವ ಕೊಂಡಿಗಳು. ಕನ್ನಡದಲ್ಲಿ ಬರೆದವರೇ ಮಾರುವುದು ಹೊಸತಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿದ್ದನ್ನು ಇಂದಿಗೂ ಜನ ಹೇಳುತ್ತಾರೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರಕಾಶನ ನಡೆಸಿದರು. ಗೆಳೆಯನಿಗೆ ಹೊರೆ ಹೊರುವ ಕಷ್ಟವಿರಲಿಲ್ಲ, ಆದರೆ ಯಾವ ಕೊಂಡಿಯನ್ನು ಮೇಲೆ ಇಡಬೇಕು ಎಂಬುದರಲ್ಲಿ ಅವನ ಸಾಲದ ಭವಿಷ್ಯ ಅಡಗಿತ್ತು. ಪುಸ್ತಕದಂಗಡಿಯ ತಾಣದ ಮೂಲಕ ಮಾರಿದರೆ ನೂರಕ್ಕೆ ನಲವತ್ತು ಅವರಿಗೆ. 200 ರೂಪಾಯಿಯ ಪುಸ್ತಕಕ್ಕೆ ಇವನ ಕೈಗೆ 120. ಆ ದಾರಿಯೊಂದರಿಂದಲೇ ಹಾಕಿದ ಹಣ ಹಿಂದಿರುಗಬೇಕಾದರೆ 313 ಪ್ರತಿ ಹೋಗಬೇಕು. ನೇರವಾಗಿ ಇವನಿಂದಲೇ ಕೊಳ್ಳುವವರಿಗೆ 20 ರೂಪಾಯಿ ಬಿಟ್ಟು 180ಕ್ಕೆ ಕೊಟ್ಟು, ಅಂಚೆ ಖರ್ಚನ್ನೂ ತಾನೇ ಹೊತ್ತರೆ?

ಅಂಚೆಯ ಖರ್ಚು ತೂಕದ ಮೇಲೆ ನಿಂತಿದೆ. 160 ಪುಟವೆಂದರೆ 80 ಹಾಳೆ. 70 ಜಿಎಸ್‌ಎಂ ಕಾಗದದಲ್ಲಿ ಅದು ಸುಮಾರು 170 ಗ್ರಾಂ, ರಟ್ಟಿನ ಹೊದಿಕೆ ಸೇರಿ 190, ಲಕೋಟೆ ಸೇರಿ 210 ಗ್ರಾಂ. ಪುಸ್ತಕಗಳಿಗೆಂದು ಇದ್ದ ಅಗ್ಗದ ನೋಂದಾಯಿತ ಅಂಚೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ ಪೆಟ್ಟು ಬಿದ್ದಿತ್ತು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಎಂಬ ಹೊಸ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ. ನಿಧಾನವಾಗಿ ಹೋಗುತ್ತದೆ, ಆದರೆ ಎಲ್ಲಿದೆ ಎಂದು ನೋಡಬಹುದು. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಲಕೋಟೆ, ಅಂಟುಪಟ್ಟಿ ಎಲ್ಲ ಸೇರಿ ನಾವು ಪ್ರತಿಗೆ 30 ರೂಪಾಯಿ ಹಿಡಿದೆವು. ಉಳಿಯುವುದು 150. ಈ ದಾರಿಯಲ್ಲಿ 250 ಪ್ರತಿ ಹೋದರೆ ಸಾಲ ತೀರುತ್ತದೆ. ಹಾಗಾಗಿ ಜಾಲತಾಣದಲ್ಲಿ ಮೊದಲು ಗೆಳೆಯನ ವಾಟ್ಸಾಪ್ ಸಂಖ್ಯೆ, ಅದರ ಕೆಳಗೆ ಅಂಗಡಿಗಳ ಕೊಂಡಿ ಬಂತು. ಮನೆಯವರು ಬಳಸುವ ಸಂಖ್ಯೆ ಬೇಡವೆಂದು ಇದಕ್ಕೊಂದು ಬೇರೆ ಸಿಮ್ ಕೊಂಡ.

ಹಣ ಕಳಿಸಲು ಕ್ಯೂಆರ್ ಕೋಡಿನ ಚಿತ್ರ ಹಾಕಿದ್ದೆವು. ಮೊದಲ ವಾರದಲ್ಲೇ ಸೊರಬದಿಂದ ನಾಲ್ಕೈದು ಜನ ಫೋನ್ ಮಾಡಿ "ಇದನ್ನ ಹೆಂಗ್ ಸ್ಕ್ಯಾನ್ ಮಾಡೋದ್ರಿ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಅವರ ಬಳಿ ಇರುವುದು ಒಂದೇ ಮೊಬೈಲು, ಅದರ ತೆರೆಯ ಮೇಲಿನ ಚಿತ್ರವನ್ನು ಅದೇ ಮೊಬೈಲಿನ ಕ್ಯಾಮೆರಾ ನೋಡುವುದು ಹೇಗೆ? ಚಿತ್ರ ಉಳಿಸಿಕೊಂಡು ಆ್ಯಪಿನೊಳಗೆ ತೆರೆಯುವ ದಾರಿ ಇದೆ, ಆದರೆ ಅದನ್ನು ಬಲ್ಲವರು ಫೋನ್ ಮಾಡುವುದಿಲ್ಲ. ಚಿತ್ರದ ಕೆಳಗೆ ಯುಪಿಐ ವಿಳಾಸವನ್ನು ನಕಲು ಮಾಡಿಕೊಳ್ಳಬಹುದಾದ ಅಕ್ಷರಗಳಲ್ಲಿ ಹಾಕಿದೆವು. ಒತ್ತಿದರೆ ಪಾವತಿ ಆ್ಯಪು ತೆರೆಯುವ `upi://pay` ಕೊಂಡಿಯನ್ನೂ ಹಾಕಿದೆವು. ಇನ್ನೊಂದು ತೊಂದರೆ ವಿಳಾಸದ್ದು. ಹಣ ಕಳಿಸಿ ಅದರ ಚಿತ್ರ ಮಾತ್ರ ಹಾಕಿ ಸುಮ್ಮನಾಗುವವರು ಬಹಳ. ಶಿಕಾರಿಪುರಕ್ಕೆ 577427, ಸೊರಬಕ್ಕೆ 577429, ಪಕ್ಕದ ಊರಿಗೆ ಬೇರೆ. ಪಿನ್‌ಕೋಡ್ ಒಂದಂಕಿ ತಪ್ಪಿದರೆ ಪುಸ್ತಕ ಇನ್ನೊಂದು ತಾಲ್ಲೂಕು ಸುತ್ತಿ ಬರುತ್ತದೆ. ಅದಕ್ಕಾಗಿ ವಾಟ್ಸಾಪ್ ಕೊಂಡಿ ಒತ್ತಿದ ಕೂಡಲೇ 'ಹೆಸರು, ಮನೆ, ಊರು, ಅಂಚೆ, ಪಿನ್‌ಕೋಡ್' ಎಂಬ ಖಾಲಿ ಸಾಲುಗಳು ಮೊದಲೇ ಬರೆದುಕೊಂಡು ತೆರೆಯುವಂತೆ ಮಾಡಿದೆವು. ಗೆಳೆಯ ಎಲ್ಲವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ.

ಬಿಡುಗಡೆ ಎರಡು ಕಡೆ ಎಂದು ಮೊದಲೇ ನಿಶ್ಚಯವಾಗಿತ್ತು. ಶಿಕಾರಿಪುರದಲ್ಲಿ ಕಾಲೇಜೊಂದರ ಸಭಾಂಗಣ, ಆಮೇಲಿನ ಭಾನುವಾರ ಸೊರಬ ತಾಲ್ಲೂಕಿನ ಅವನ ಊರಿನ ಶಾಲೆಯ ಅಂಗಳ. ಬೆಂಗಳೂರಿನ ಗೆಳೆಯರು ಅಲ್ಲೊಂದು ಮಾಡು ಅಂದರು. ಬಾಡಿಗೆ, ಚಹಾ, ಪ್ರಯಾಣ ಸೇರಿಸಿ ಲೆಕ್ಕ ಹಾಕಿದರೆ ಅರವತ್ತು ಪ್ರತಿಯ ಹಣ ಅಲ್ಲಿಗೇ ಹೋಗುತ್ತಿತ್ತು. ಬೇಡವೆಂದಾಯಿತು.

ಜಾಲತಾಣದಲ್ಲಿ ಬಿಡುಗಡೆಯ ವಿವರ ಬರೆಯುವಾಗ ಆಹ್ವಾನಪತ್ರಿಕೆಯ ರೂಢಿಯಂತೆ ಅಧ್ಯಕ್ಷತೆ, ಉದ್ಘಾಟನೆ, ಕೃತಿ ಪರಿಚಯ, ವಂದನಾರ್ಪಣೆ ಎಂದು ಹೆಸರುಗಳ ಪಟ್ಟಿ ಮೇಲೆ ಬಂದಿತ್ತು. ಬರಬೇಕಾದವರಿಗೆ ಬೇಕಿದ್ದ ವಿಷಯ ಬೇರೆ. ಬಸ್ಸು ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು, ಮುಗಿದ ಮೇಲೆ ವಾಪಸ್ ಹೋಗಲು ಕೊನೆಯ ಬಸ್ಸು ಸಿಗುತ್ತದೆಯೇ, ಮಕ್ಕಳನ್ನು ಕರೆತರಬಹುದೇ. ಈ ನಾಲ್ಕು ಸಾಲನ್ನು ಮೇಲಕ್ಕೆ ತಂದು ಗಣ್ಯರನ್ನು ಕೆಳಕ್ಕೆ ಇಳಿಸಿದೆವು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಸಂಜೆ ಕರೆದರೆ ಯಾರೂ ಬರುವುದಿಲ್ಲ, ಚೇಣಿಯವರು ಕೊನೆ ಇಳಿಸುವ ದಿನ ಮನೆಯವರು ತೋಟ ಬಿಡುವಂತಿಲ್ಲ. ಅದಕ್ಕೆ ಊರಿನ ಕಾರ್ಯಕ್ರಮ ಕೊಯ್ಲು ಮುಗಿದ ಮೇಲಿನ ಭಾನುವಾರದ ಬೆಳಿಗ್ಗೆಗೆ ಹೋಯಿತು.

ಇದೇ ಭಾಗವನ್ನು ಇನ್ನೊಬ್ಬರು ಮೊಬೈಲಿನಲ್ಲಿ ಟೈಪ್ ಮಾಡಿಕೊಟ್ಟಿದ್ದರು. ಬಸ್ಸಿನ ದಾರಿ ಹೇಳುವಾಗ 'ಚಂದ್ರಗುತ್ತಿ' ಎಂಬ ಹೆಸರಿತ್ತು, ಆದರೆ ಪುಟದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ನೋಡಿದರೆ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ ಉಂಗುರ, ಯಂತ್ರಕ್ಕೆ ಅನುಸ್ವಾರ U+0C82, ಸೊನ್ನೆ U+0CE6. ಪುಸ್ತಕದ ಹೆಸರಿನಲ್ಲಿ ಹೀಗಾದರೆ ಯಾರು ಎಷ್ಟು ಹುಡುಕಿದರೂ ಪುಸ್ತಕ ಸಿಗುವುದಿಲ್ಲ. ಅನುಸ್ವಾರವಿರುವ ಒಂದು ಪದವನ್ನು ತಾವೇ ಟೈಪ್ ಮಾಡಿ ಹುಡುಕಿ ನೋಡುವುದು ಇದಕ್ಕಿರುವ ಸುಲಭ ಪರೀಕ್ಷೆ.

ಸಭೆಯ ದಿನ ಮಾರಾಟದ ಮೇಜು ಎಲ್ಲಿರಬೇಕು ಎಂಬುದೂ ಲೆಕ್ಕದ ವಿಷಯವೇ. ಶಿಕಾರಿಪುರದಲ್ಲಿ ಮೇಜು ಬಾಗಿಲ ಹೊರಗಿತ್ತು, ಕಾರ್ಯಕ್ರಮ ಮುಗಿದ ಕೂಡಲೇ ಜನ ಬಸ್ಸಿಗೆ ಓಡಿದರು, 41 ಪ್ರತಿ ಹೋದವು. ಊರಿನಲ್ಲಿ ಮೇಜನ್ನು ಚಹಾದ ಪಕ್ಕ ಇಟ್ಟು, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ತೋರಿಸಿದ ಕೂಡಲೇ ಹತ್ತು ನಿಮಿಷ ಬಿಡುವು ಕೊಟ್ಟರು. ಭಾಷಣಗಳು ಆಮೇಲೆ. ಕಥೆಯನ್ನು ಆ ಆರನೇ ಕ್ಲಾಸಿನ ಹುಡುಗಿಯೇ ಓದಿದಳು. 77 ಪ್ರತಿ ಹೋದವು.

ಬಿಡುಗಡೆಯ ಮರುದಿನ ಜಾಲತಾಣ ಬದಲಾಗಬೇಕು. 'ಎಲ್ಲರಿಗೂ ಸ್ವಾಗತ' ಎಂಬ ಹಳೆಯ ದಿನಾಂಕದ ಕರೆಯೋಲೆ ಆರು ತಿಂಗಳಾದರೂ ಮೇಲೆಯೇ ಕೂತಿರುವ ಪುಟಗಳು ಎಷ್ಟೋ ಇವೆ. ಹೊಸದಾಗಿ ಬಂದವರಿಗೆ ಮದುವೆ ಮುಗಿದ ಮನೆಯ ಚಪ್ಪರ ನೋಡಿದಂತಾಗುತ್ತದೆ. ನಾವು ಕರೆಯೋಲೆಯನ್ನು ಕೆಳಕ್ಕೆ ಇಳಿಸಿ, ಕಥೆಯನ್ನು ಮೊದಲಿಗೆ ತಂದು, ಕಥೆ ಮುಗಿಯುವಲ್ಲೇ ಕೊಳ್ಳುವ ಕೊಂಡಿ ಇಟ್ಟೆವು. ಓದಿ ಮುಗಿಸಿದವರೇ ಕೊಳ್ಳುವವರು, ಅವರು ಮತ್ತೆ ಮೇಲಕ್ಕೆ ಹೋಗಿ ಹುಡುಕುವಂತಾಗಬಾರದು.

ಮೂರು ತಿಂಗಳಾದ ಮೇಲೆ ನೋಟ್‌ಬುಕ್ಕಿನ ಲೆಕ್ಕ ಹೀಗಿತ್ತು. ಎರಡು ಸಭೆಗಳಲ್ಲಿ 118 ಪ್ರತಿ, 180ರಂತೆ 21,240 ರೂಪಾಯಿ. ವಾಟ್ಸಾಪಿನ ಮೂಲಕ 67, ಅಂಚೆ ಖರ್ಚು ಕಳೆದು 10,050. ಅಂಗಡಿಗಳಿಂದ 27, 3,240. ಒಟ್ಟು 34,530. ಗೌರವ ಪ್ರತಿಗಳೆಂದು 40 ಹೋಗಿವೆ, ಮನೆಯ ಅಟ್ಟದ ಮೇಲೆ 248 ಉಳಿದಿವೆ. ಹಾಕಿದ ಹಣಕ್ಕೆ ಇನ್ನೂ 2,970 ಕಡಿಮೆ. ಅಂಚೆಯಲ್ಲಿ ಹೋದ 67ರಲ್ಲಿ 38 ಇವೆರಡೇ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿವೆ. ಉಳಿದವು ಬೆಂಗಳೂರು, ಹುಬ್ಬಳ್ಳಿ, ಒಂದು ಪುಣೆ.

ಸಾಲ ಪೂರ್ತಿ ತೀರಲಿಲ್ಲವಲ್ಲ ಎಂದು ಗೆಳೆಯ ಪೇಚಾಡುತ್ತಿದ್ದಾನೆ. ಮೊನ್ನೆ ಅಟ್ಟದಿಂದ ಇಪ್ಪತ್ತು ಪ್ರತಿ ಇಳಿಸಿ ಸಂತೆಗೆ ಒಯ್ಯಲೇ ಎಂದು ಕೇಳಿದ. ಅವ್ವ ಒಳಗಿನಿಂದಲೇ, "ಅಲ್ಲಿ ಓದಿ ಹೇಳೋರು ಯಾರು? ಹುಡುಗೀನೂ ಕರ್‌ಕೊಂಡ್ ಹೋಗು" ಅಂದರು.